ಕಾಲಂ ದಾಟಿದ ಸಾಲು

1983ರ ಡಿಸೆಂಬರ್ 14ರಂದು, ಗುರುಗ್ರಾಮವಿನ್ನೂ ಗುಡಗಾಂವ್ ಆಗಿದ್ದಾಗ, ಅಲ್ಲಿನ ಕಾರ್ಖಾನೆಯಿಂದ ಮೊದಲ ಮಾರುತಿ 800 ಕಾರು ಗ್ರಾಹಕರ ಕೈ ಸೇರಿತು. ಕೀಲಿಕೈ ಕೊಟ್ಟವರು ಪ್ರಧಾನಿ ಇಂದಿರಾ ಗಾಂಧಿ, ಪಡೆದವರು ದೆಹಲಿಯ ಹರ್ಪಾಲ್ ಸಿಂಗ್. ಅದೇ ದಿನ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಕ್ಲೈವ್ ಲಾಯ್ಡ್ ಅವರ ವೆಸ್ಟ್ ಇಂಡೀಸ್ ತಂಡ ಭಾರತವನ್ನು ಇನಿಂಗ್ಸ್ ಮತ್ತು 46 ರನ್‌ಗಳಿಂದ ಸೋಲಿಸಿತು. ಅದೇ ವರ್ಷದ ಜೂನ್‌ನಲ್ಲಿ ವಿಶ್ವಕಪ್ ಗೆದ್ದಿದ್ದ ದೇಶಕ್ಕೆ ಅದು ಕಹಿ ಸುದ್ದಿ. ಒಂದು ಸಂತಸದ್ದು, ಒಂದು ಸೋಲಿನದು. ಮರುದಿನದ ಪತ್ರಿಕೆಗಳಿಗೆ ಎರಡೂ ಬೇಕಾದ ಸುದ್ದಿಗಳೇ.

ಇಂಥ ದಿನಗಳ ಪತ್ರಿಕೆಯನ್ನು ಜನ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಹಳೆಯ ಡೈರಿಗೋ ಲೆಕ್ಕದ ಪುಸ್ತಕಕ್ಕೋ ಮೈದಾ ಅಂಟು ಹಚ್ಚಿ ಅಂಟಿಸಿದ ಪೇಪರ್ ಕಟಿಂಗ್‌ಗಳು ಅನೇಕ ಕನ್ನಡ ಮನೆಗಳಲ್ಲಿ ಇಂದಿಗೂ ಇವೆ. ಮಕ್ಕಳು ಕೆಲಸಕ್ಕೆಂದು ದೂರದ ಊರಿಗೆ ಹೊರಟಾಗ ಅವೂ ಸಾಮಾನಿನ ಜೊತೆ ಹೊರಡುತ್ತವೆ. ಗುರುಗ್ರಾಮದ ಫ್ಲ್ಯಾಟೊಂದರಲ್ಲಿ, ದೆಹಲಿಯ ಒಣ ಬೇಸಿಗೆಯಲ್ಲಿ, ಆ ಕಾಗದ ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಾಗ ಮನೆಯವರಿಗೆ ಸ್ಕ್ಯಾನ್ ಮಾಡುವ ಯೋಚನೆ ಬರುತ್ತದೆ. ಚಿತ್ರ ಚೆನ್ನಾಗಿಯೇ ಬರುತ್ತದೆ. ಆ ಚಿತ್ರದಿಂದ ಅಕ್ಷರಗಳನ್ನು ಹೊರತೆಗೆಯುವ ಓಸಿಆರ್ ತಂತ್ರಾಂಶಕ್ಕೆ ಕೊಟ್ಟಾಗ ತೊಂದರೆ ಶುರುವಾಗುತ್ತದೆ.

ಎಡಗಡೆಯ ಕಾಲಂನಲ್ಲಿ ಮಾರುತಿ, ಅದರ ಪಕ್ಕದ ಕಾಲಂನಲ್ಲಿ ಕ್ರಿಕೆಟ್ ಇರುವ ತುಣುಕನ್ನು ಊಹಿಸಿಕೊಳ್ಳಿ. ವಿವರಣೆಗೆಂದು ಬರೆದುಕೊಂಡ ಮೂರು ಮೂರು ಸಾಲು ಇಲ್ಲಿವೆ. ಎಡಕ್ಕೆ: “ಕಾರಿನ ಕೀಲಿಕೈಯನ್ನು / ಪ್ರಧಾನಿ ಇಂದಿರಾ ಗಾಂಧಿ / ಹಸ್ತಾಂತರಿಸಿದರು.” ಬಲಕ್ಕೆ: “ವೆಸ್ಟ್ ಇಂಡೀಸ್ ತಂಡ / ಇನಿಂಗ್ಸ್ ಮತ್ತು 46 ರನ್ / ಅಂತರದಿಂದ ಗೆದ್ದಿತು.” ತಂತ್ರಾಂಶ ಇವನ್ನು ಅಡ್ಡಡ್ಡ ಓದಿದರೆ ಸಿಗುವುದು ಹೀಗೆ: “ಕಾರಿನ ಕೀಲಿಕೈಯನ್ನು ವೆಸ್ಟ್ ಇಂಡೀಸ್ ತಂಡ ಪ್ರಧಾನಿ ಇಂದಿರಾ ಗಾಂಧಿ ಇನಿಂಗ್ಸ್ ಮತ್ತು 46 ರನ್ ಹಸ್ತಾಂತರಿಸಿದರು. ಅಂತರದಿಂದ ಗೆದ್ದಿತು.”

ಇದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಕ್ರಮವನ್ನು ಲೆಕ್ಕಿಸದೆ ಅಕ್ಷರದ ನಿಖರತೆಯನ್ನಷ್ಟೇ ಅಳೆಯುವ ಪರೀಕ್ಷೆಯಲ್ಲಿ ಈ ಪಠ್ಯಕ್ಕೆ ನೂರಕ್ಕೆ ನೂರು ಅಂಕ ಸಿಗುತ್ತದೆ. ತಪ್ಪಿರುವುದು ಓದಿನ ಕ್ರಮ. ಅಕ್ಷರದ ತಪ್ಪಿಗಿಂತ ಇದು ಹೆಚ್ಚು ಕೆಡುಕು ಮಾಡುತ್ತದೆ. “ಕೀಲಿಕೈ” ಎಂಬುದು “ಕೀಲಕೈ” ಎಂದಾದರೆ ಓದುವವರಿಗೆ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಿಕೊಳ್ಳುತ್ತಾರೆ. ಎರಡು ಸುದ್ದಿಗಳ ಸಾಲುಗಳು ಬೆರೆತಾಗ ಕೆಲವೊಮ್ಮೆ ಅರ್ಥವಿರುವ ಸುಳ್ಳು ವಾಕ್ಯವೇ ಹುಟ್ಟುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ ಒಂದು ಸುದ್ದಿಯ ಕರ್ತೃವಿಗೆ ಇನ್ನೊಂದು ಸುದ್ದಿಯ ಕ್ರಿಯೆ ಸಲೀಸಾಗಿ ಹೊಂದಿಕೊಂಡುಬಿಡುತ್ತದೆ. ಒಬ್ಬರ ಸನ್ಮಾನದ ಸುದ್ದಿಯ ಪಕ್ಕದಲ್ಲಿ ಇನ್ನೊಬ್ಬರ ಬಂಧನದ ಸುದ್ದಿ ಇದ್ದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಪತ್ರಿಕೆಯ ಕಾಲಂ ಕಿರಿದಾಗಿರುವುದಕ್ಕೆ ಕಾರಣಗಳಿವೆ. ಗಿಡ್ಡ ಸಾಲನ್ನು ಓದುವುದು ಸುಲಭ, ಒಂದು ಸಾಲು ಮುಗಿಸಿದ ಕಣ್ಣಿಗೆ ಮುಂದಿನ ಸಾಲು ತಟ್ಟನೆ ಸಿಗುತ್ತದೆ. ಅಚ್ಚುಮೊಳೆಯ ಕಾಲದಲ್ಲಿ ಕಂಪೋಸಿಟರುಗಳು ಒಂದೇ ಅಗಲದ ಗ್ಯಾಲಿಗಳಲ್ಲಿ ಸಾಲು ಜೋಡಿಸಿಟ್ಟರೆ ಪುಟ ಕಟ್ಟುವವರು ಅವನ್ನು ಬೇಕಾದಲ್ಲಿ ತುಂಡರಿಸಿ ಬೇಕಾದ ಕಡೆ ಕೂರಿಸಬಹುದಿತ್ತು. ರಾತ್ರಿ ಹನ್ನೊಂದಕ್ಕೆ ದೊಡ್ಡ ಸುದ್ದಿ ಬಂದರೆ ಇದ್ದುದನ್ನು ಕೆಳಗೆ ತಳ್ಳಿ ಹೊಸದನ್ನು ಮೇಲೆ ಇಡಬಹುದಿತ್ತು. ಯಾವ ತುಂಡಿನ ಮುಂದುವರಿಕೆ ಎಲ್ಲಿದೆ ಎಂಬ ತಿಳಿವಳಿಕೆ ಪುಟ ಕಟ್ಟಿದವರ ತಲೆಯಲ್ಲಿತ್ತು. ಕಾಗದದ ಮೇಲೆ ಅದರ ಸುಳಿವುಗಳಷ್ಟೇ ಉಳಿದವು: ತಲೆಬರಹದ ಅಗಲ, ಕಾಲಂ ನಡುವಿನ ಖಾಲಿ ಪಟ್ಟಿ ಅಥವಾ ತೆಳುಗೆರೆ, ಸುದ್ದಿ ಮುಗಿದಲ್ಲಿ ಅಡ್ಡಗೆರೆ, ಆರಂಭದಲ್ಲಿ “ನವದೆಹಲಿ, ಡಿ. 14” ಎಂಬ ಡೇಟ್‌ಲೈನ್. ಓದುಗನ ಕಣ್ಣು ಈ ಸುಳಿವುಗಳನ್ನು ಹಿಡಿದು ಕ್ಷಣದಲ್ಲಿ ದಾರಿ ಕಂಡುಕೊಳ್ಳುತ್ತದೆ. ಯಂತ್ರಕ್ಕೆ ಕಾಣುವುದು ಕಪ್ಪು ಬಿಳುಪಿನ ಚುಕ್ಕೆಗಳು ಮಾತ್ರ, ಆದ್ದರಿಂದ ಪ್ರತಿ ಸುಳಿವನ್ನೂ ಅಳತೆಯಾಗಿ ಬದಲಿಸಿ ಕೊಡಬೇಕು.

ಅಳತೆಗೆ ಒಂದು ಮಾದರಿ ತುಣುಕನ್ನು ಹಿಡಿದುಕೊಳ್ಳೋಣ. ಅದು ಯಾವ ಪತ್ರಿಕೆಯದೂ ಅಲ್ಲ, ಕಟಿಂಗ್ ಪುಸ್ತಕಗಳಲ್ಲಿ ಕಾಣುವ ಸ್ವರೂಪದಲ್ಲಿ ಕಟ್ಟಿಕೊಂಡದ್ದು. ಮೂರು ಕಾಲಂ, ಪ್ರತಿಯೊಂದೂ ಸುಮಾರು 4.2 ಸೆಂಟಿಮೀಟರ್ ಅಗಲ, ನಡುವೆ 4 ಮಿಲಿಮೀಟರ್ ಖಾಲಿ ಜಾಗ, ಎತ್ತರ 20 ಸೆಂಟಿಮೀಟರ್. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಕಾಲಂ ಸುಮಾರು 495 ಪಿಕ್ಸೆಲ್ ಅಗಲ ಬರುತ್ತದೆ, ಖಾಲಿ ಪಟ್ಟಿ 50ಕ್ಕೆ ತುಸು ಕಡಿಮೆ, ಎತ್ತರ 2360ರ ಆಸುಪಾಸು. ಆ ಒಂದು ಕಾಲಂನಲ್ಲಿ ಹಿಡಿಯುವುದು ಸಾಲಿಗೆ ಎರಡೋ ಮೂರೋ ಕನ್ನಡ ಪದ, ಹೆಚ್ಚೆಂದರೆ ನಾಲ್ಕು.

ಖಾಲಿ ಪಟ್ಟಿಯನ್ನು ಹುಡುಕುವ ಅತಿ ಸರಳ ಉಪಾಯವೆಂದರೆ ಚಿತ್ರದ ಪ್ರತಿ ಲಂಬ ಗೀಟಿನಲ್ಲೂ ಎಷ್ಟು ಕಪ್ಪು ಚುಕ್ಕೆಗಳಿವೆ ಎಂದು ಎಣಿಸುವುದು. ಅಕ್ಷರಗಳಿರುವಲ್ಲಿ ಎಣಿಕೆ ಏರುತ್ತದೆ, ಕಾಲಂಗಳ ನಡುವೆ ಸೊನ್ನೆಗೆ ಇಳಿಯುತ್ತದೆ. ಆದರೆ ಕಾಗದ ಒಂದೇ ಒಂದು ಡಿಗ್ರಿ ವಾಲಿದ್ದರೂ 20 ಸೆಂಟಿಮೀಟರ್ ಎತ್ತರದಲ್ಲಿ ಮೇಲಿನ ತುದಿಗೂ ಕೆಳಗಿನ ತುದಿಗೂ 41 ಪಿಕ್ಸೆಲ್ ವ್ಯತ್ಯಾಸ ಬೀಳುತ್ತದೆ. 47 ಪಿಕ್ಸೆಲ್‌ನ ಪಟ್ಟಿಯಲ್ಲಿ ಮೇಲಿಂದ ಕೆಳಗಿನವರೆಗೆ ನೇರವಾಗಿ ಖಾಲಿ ಉಳಿಯುವುದು ಆರೇ ಆರು ಪಿಕ್ಸೆಲ್. ಅಲ್ಲೊಂದು ಶಾಯಿಯ ಕಲೆಯೋ ಕಾಗದದ ಮಡಿಕೆಯೋ ಇದ್ದರೆ ಅದೂ ಮುಚ್ಚಿಹೋಗುತ್ತದೆ. ಕಣ್ಣಿಗೆ ಗೊತ್ತೇ ಆಗದ ವಾಲುವಿಕೆ ಎರಡು ಕಾಲಂಗಳನ್ನು ಒಂದಾಗಿಸುವುದು ಹೀಗೆ.

ಇಡೀ ಪುಟದ ವಾಲುವಿಕೆಯನ್ನು ಸರಿಪಡಿಸುವ ಸೌಲಭ್ಯ ಬಹುತೇಕ ಎಲ್ಲ ಸ್ಕ್ಯಾನಿಂಗ್ ತಂತ್ರಾಂಶಗಳಲ್ಲೂ ಇದೆ. ಕಟಿಂಗ್ ಪುಸ್ತಕಕ್ಕೆ ಅದು ಸಾಲದು. ಒಂದೇ ಹಾಳೆಯ ಮೇಲೆ ಅಂಟಿಸಿದ ನಾಲ್ಕು ತುಣುಕುಗಳಲ್ಲಿ ಒಂದು ಎಡಕ್ಕೆ ವಾಲಿರುತ್ತದೆ, ಇನ್ನೊಂದು ಬಲಕ್ಕೆ. ತಂತ್ರಾಂಶ ಒಟ್ಟು ಹಾಳೆಗೆ ಒಂದೇ ಕೋನ ಹುಡುಕಿ ತಿರುಗಿಸಿದರೆ ಒಂದು ನೆಟ್ಟಗಾಗುವಷ್ಟರಲ್ಲಿ ಇನ್ನೊಂದು ಮತ್ತಷ್ಟು ವಾಲುತ್ತದೆ. ಮೊದಲು ತುಣುಕುಗಳನ್ನು ಬೇರೆ ಬೇರೆ ಚಿತ್ರಗಳಾಗಿ ಕತ್ತರಿಸಿಕೊಂಡು, ಆಮೇಲೆ ಒಂದೊಂದನ್ನೇ ನೆಟ್ಟಗೆ ಮಾಡುವುದೇ ಸರಿಯಾದ ದಾರಿ. ಅಂಟಿಸದ ಬಿಡಿ ತುಣುಕಾದರೆ ಸ್ಕ್ಯಾನ್ ಮಾಡುವಾಗ ಅದರ ಬೆನ್ನಿಗೆ ಕಪ್ಪು ಹಾಳೆ ಇಡಬೇಕು. ಸುದ್ದಿಕಾಗದ ತೆಳು, ಹಿಂಬದಿಯ ಅಚ್ಚು ಮುಂಬದಿಗೆ ಮಸುಕಾಗಿ ಇಣುಕುತ್ತದೆ. ಬೆನ್ನಿಗೆ ಬಿಳಿ ಹಾಳೆಯಿದ್ದರೆ ಬೆಳಕು ಮರಳಿ ಬಂದು ಆ ಮಸುಕು ಗಾಢವಾಗುತ್ತದೆ, ಖಾಲಿ ಪಟ್ಟಿಯಲ್ಲಿ ಇಲ್ಲದ ಅಕ್ಷರಗಳು ಮೂಡುತ್ತವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಪತ್ರಿಕಾ ಡಿಜಿಟಲೀಕರಣಕ್ಕೆ ಇಂಚಿಗೆ 300ರಿಂದ 400 ಪಿಕ್ಸೆಲ್ ಮತ್ತು ಬೂದು ಛಾಯೆಗಳ ಚಿತ್ರವನ್ನು ಕೇಳುತ್ತದೆ. ಬರಿಯ ಕಪ್ಪುಬಿಳುಪಿನಲ್ಲಿ ಉಳಿಸಿದರೆ ಹಿಂಬದಿಯ ಮಸುಕಿಗೂ ಮುಂಬದಿಯ ಅಚ್ಚಿಗೂ ಇರುವ ವ್ಯತ್ಯಾಸ ಶಾಶ್ವತವಾಗಿ ಕಳೆದುಹೋಗುತ್ತದೆ ಎಂಬುದನ್ನು ಮನೆಯಲ್ಲಿ ಸ್ಕ್ಯಾನ್ ಮಾಡುವವರೂ ನೆನಪಿಡಬೇಕು.

ತುಣುಕು ನೆಟ್ಟಗಾಯಿತು. ಈಗ ಕ್ರಮದ ಪ್ರಶ್ನೆ.

ಮಾದರಿ ತುಣುಕಿನ ವಿನ್ಯಾಸ ಹೀಗಿದೆ. ಮೇಲೆ ಎಡಕ್ಕೆ ಮಾರುತಿ ಸುದ್ದಿಯ ತಲೆಬರಹ, ಮೊದಲ ಎರಡು ಕಾಲಂಗಳ ಅಗಲಕ್ಕೆ. ಅದರ ಕೆಳಗೆ ಮೊದಲ ಕಾಲಂನಲ್ಲಿ ಸುದ್ದಿಯ ಮೊದಲ ಭಾಗ ತುದಿಯವರೆಗೂ ಇಳಿಯುತ್ತದೆ. ಉಳಿದ ಭಾಗ ಎರಡನೇ ಕಾಲಂನ ಮಧ್ಯದವರೆಗೆ ಬಂದು ಮುಗಿಯುತ್ತದೆ. ಮೂರನೇ ಕಾಲಂನ ಮೇಲ್ಭಾಗದಲ್ಲಿ ಕಾರಿನ ಫೋಟೊ, ಅದರಡಿ ಒಂದೆರಡು ಸಾಲಿನ ವಿವರಣೆ. ಅಲ್ಲಿಂದ ಕೆಳಗೆ ಎರಡನೇ ಮತ್ತು ಮೂರನೇ ಕಾಲಂಗಳ ಅಗಲಕ್ಕೆ ಕ್ರಿಕೆಟ್ ಸುದ್ದಿಯ ತಲೆಬರಹ, ಅದರಡಿ ಎರಡು ಕಾಲಂಗಳಲ್ಲಿ ಆ ಸುದ್ದಿ. ಪತ್ರಿಕೆ ಓದುವ ಯಾರಿಗೂ ಇದರಲ್ಲಿ ಗೊಂದಲವಿಲ್ಲ.

1984ರಲ್ಲಿ ಜಾರ್ಜ್ ನಾಗಿ ಮತ್ತು ಶರದ್ ಸೇಠ್ ಎಂಬ ಸಂಶೋಧಕರು ಪುಟವನ್ನು ಭಾಗ ಮಾಡುವ ಒಂದು ವಿಧಾನವನ್ನು ಮುಂದಿಟ್ಟರು. ಎಕ್ಸ್-ವೈ ಕಟ್ ಎಂದು ಅದು ಹೆಸರಾಯಿತು. ತಟ್ಟೆಯಲ್ಲಿ ಹರಡಿದ ಬರ್ಫಿಯನ್ನು ಚಾಕುವಿನಿಂದ ಈ ಅಂಚಿನಿಂದ ಆ ಅಂಚಿಗೆ ಕೊಯ್ಯುವಂತೆ, ಪುಟದಲ್ಲಿ ಎಲ್ಲಿ ಅಡ್ಡಲಾಗಿ ಅಥವಾ ಉದ್ದಲಾಗಿ ಪೂರ್ತಿ ಖಾಲಿ ದಾರಿ ಸಿಗುತ್ತದೋ ಅಲ್ಲಿ ಕೊಯ್ಯುವುದು, ಸಿಕ್ಕ ಎರಡು ತುಂಡುಗಳಲ್ಲೂ ಅದನ್ನೇ ಮತ್ತೆ ಮಾಡುವುದು. ಪುಸ್ತಕದ ಪುಟಕ್ಕೂ ಎರಡು ಕಾಲಂನ ನಿಯತಕಾಲಿಕಕ್ಕೂ ಇದು ಸೊಗಸಾಗಿ ಒಗ್ಗುತ್ತದೆ. ಇಲ್ಲಿ ಮಾತ್ರ ಒಗ್ಗುವುದಿಲ್ಲ. ಒಂದು ಮತ್ತು ಎರಡನೇ ಕಾಲಂ ನಡುವೆ ಕೊಯ್ಯಲು ಹೊರಟರೆ ಮಾರುತಿಯ ತಲೆಬರಹ ಅಡ್ಡ ಬರುತ್ತದೆ. ಎರಡು ಮತ್ತು ಮೂರರ ನಡುವೆ ಹೊರಟರೆ ಕ್ರಿಕೆಟ್‌ನ ತಲೆಬರಹ. ಅಡ್ಡಲಾಗಿ ಮಾರುತಿ ತಲೆಬರಹದ ಕೆಳಗೆ ಕೊಯ್ಯೋಣವೆಂದರೆ ಬಲತುದಿಯಲ್ಲಿ ಫೋಟೊ ಇದೆ. ಕ್ರಿಕೆಟ್ ತಲೆಬರಹದ ಮೇಲೆ ಕೊಯ್ಯೋಣವೆಂದರೆ ಎಡತುದಿಯಲ್ಲಿ ಮೊದಲ ಕಾಲಂ ಉದ್ದಕ್ಕೆ ಹರಡಿದೆ. ನಾಲ್ಕು ದಿಕ್ಕಿನಲ್ಲೂ ಚಾಕು ನಿಂತುಬಿಡುತ್ತದೆ. ಒಂದರ ಬೆನ್ನಿಗೆ ಒಂದು ಕಚ್ಚಿಕೊಂಡ ಇಂಥ ವಿನ್ಯಾಸಗಳು ಪತ್ರಿಕೆಯಲ್ಲಿ ನಿತ್ಯದ ಸಂಗತಿ, ಏಕೆಂದರೆ ಪುಟ ಕಟ್ಟುವವರು ಪುಟ ಸಪ್ಪೆಯಾಗಿ ಕಾಣದಿರಲೆಂದು ಬೇಕೆಂದೇ ಹೀಗೆ ಹೆಣೆಯುತ್ತಾರೆ.

2003ರಲ್ಲಿ ಥಾಮಸ್ ಬ್ರೂಯೆಲ್ ಬೇರೆ ದಿಕ್ಕಿನಿಂದ ಹೊರಟರು. ಪುಟವನ್ನು ಕೊಯ್ಯುವ ಬದಲು, ಯಾವುದೇ ಎರಡು ತುಂಡುಗಳನ್ನು ಎತ್ತಿಕೊಂಡು “ಇವೆರಡರಲ್ಲಿ ಯಾವುದು ಮೊದಲು?” ಎಂದಷ್ಟೇ ಕೇಳುವುದು. ಉತ್ತರಕ್ಕೆ ಎರಡೇ ನಿಯಮ. ಎರಡು ತುಂಡುಗಳು ಒಂದರ ಮೇಲೊಂದು ಬರುವಂತೆ ಅಗಲವನ್ನು ಹಂಚಿಕೊಂಡಿದ್ದರೆ ಮೇಲಿನದು ಮೊದಲು. ಒಂದು ಪೂರ್ತಿಯಾಗಿ ಇನ್ನೊಂದರ ಎಡಕ್ಕಿದ್ದರೆ ಎಡದ್ದು ಮೊದಲು. ಆದರೆ ಎತ್ತರದಲ್ಲಿ ಅವೆರಡರ ನಡುವೆ, ಎರಡರ ಅಗಲವನ್ನೂ ಮುಟ್ಟುವ ಮೂರನೆಯ ತುಂಡು ಇದ್ದರೆ ಈ ಎರಡನೇ ನಿಯಮ ಅನ್ವಯಿಸುವುದಿಲ್ಲ. ಇಂಥ ಜೋಡಿ ತೀರ್ಪುಗಳನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಸರಣಿ ತಾನಾಗಿ ಮೂಡುತ್ತದೆ.

ಮಾದರಿ ತುಣುಕಿಗೆ ಹಚ್ಚಿ ನೋಡಬಹುದು. ಮಾರುತಿ ತಲೆಬರಹ ಮೊದಲ ಎರಡು ಕಾಲಂಗಳ ಮೇಲಿರುವುದರಿಂದ ಅವೆರಡಕ್ಕೂ ಮೊದಲು. ಮೊದಲ ಕಾಲಂ ಎರಡನೆಯದರ ಎಡಕ್ಕಿದೆ, ಆದ್ದರಿಂದ ಅದಕ್ಕಿಂತ ಮೊದಲು. ಎರಡನೇ ಕಾಲಂನಲ್ಲಿ ಮಾರುತಿ ಸುದ್ದಿಯ ಉಳಿದ ಭಾಗ ಕ್ರಿಕೆಟ್ ತಲೆಬರಹದ ಮೇಲಿದೆ, ಹಾಗಾಗಿ ಅದೂ ಮೊದಲು. ಕುತೂಹಲದ ಜಾಗ ಫೋಟೊ ವಿವರಣೆಯದು. ಎರಡನೇ ಕಾಲಂನ ಕೆಳಗಿರುವ ಕ್ರಿಕೆಟ್ ಸುದ್ದಿ ಆ ವಿವರಣೆಯ ಎಡಕ್ಕಿದೆ. ಎಡದ್ದು ಮೊದಲು ಎಂದುಬಿಟ್ಟರೆ ಕ್ರಿಕೆಟ್ ಓದಿದ ಮೇಲೆ ಕಾರಿನ ಫೋಟೊಗೆ ಹೋಗಬೇಕಾದೀತು. ಆದರೆ ಅವೆರಡರ ನಡುವೆ, ಎರಡೂ ಕಾಲಂಗಳನ್ನು ಮುಟ್ಟುತ್ತ ಕ್ರಿಕೆಟ್‌ನ ತಲೆಬರಹ ಮಲಗಿದೆ. ವಿನಾಯಿತಿ ಅನ್ವಯವಾಗುತ್ತದೆ, ಎಡಬಲದ ನಿಯಮ ಬಿದ್ದುಹೋಗುತ್ತದೆ. ವಿವರಣೆ ತಲೆಬರಹದ ಮೇಲಿರುವುದರಿಂದ ಅದಕ್ಕಿಂತ ಮೊದಲೇ ಓದಿಸಿಕೊಳ್ಳುತ್ತದೆ. ಕೊನೆಗೆ ಸಿಗುವ ಸರಣಿ: ಮಾರುತಿ ತಲೆಬರಹ, ಮೊದಲ ಕಾಲಂ, ಎರಡನೇ ಕಾಲಂನ ಮೇಲ್ಭಾಗ, ಫೋಟೊ ವಿವರಣೆ, ಕ್ರಿಕೆಟ್ ತಲೆಬರಹ, ಅದರಡಿಯ ಎರಡು ಕಾಲಂಗಳು. ಪತ್ರಿಕೆ ಓದುಗ ಓದುವುದೂ ಹೀಗೆಯೇ.

ಇಷ್ಟೆಲ್ಲ ನಿಂತಿರುವುದು ಒಂದು ತಲೆಬರಹದ ಮೇಲೆ. ಯಂತ್ರಕ್ಕೆ ಅದು ಕಾಣದೇ ಹೋದರೆ? ಹಾಗಾಗುವುದು ಅಪರೂಪವಲ್ಲ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರಗಳಲ್ಲಿ ಅಚ್ಚಾದ ತಲೆಬರಹವನ್ನು ತಂತ್ರಾಂಶ ಅನೇಕ ಸಲ ಚಿತ್ರವೆಂದು ಬಗೆದು ಬಿಟ್ಟುಬಿಡುತ್ತದೆ. ತೀರಾ ದಪ್ಪ ಅಕ್ಷರಗಳಿಗೂ ಇದೇ ಗತಿಯಾಗಬಹುದು. ಆಗ ವಿನಾಯಿತಿ ಮಾಯ. ಎರಡನೇ ಕಾಲಂನಲ್ಲಿ ಮಾರುತಿ ಸುದ್ದಿ ಮುಗಿಯುವಲ್ಲೇ ಕ್ರಿಕೆಟ್ ಅಂಟಿಕೊಳ್ಳುತ್ತದೆ, ಫೋಟೊ ವಿವರಣೆ ಕ್ರಿಕೆಟ್ ವರದಿಯ ಎರಡು ಕಾಲಂಗಳ ನಡುವೆ ಬಂದು ಕೂರುತ್ತದೆ. ತುಂಡುಗಳ ಕ್ರಮ ಕೆಟ್ಟಾಗ ಮೊದಲು ಹುಡುಕಬೇಕಾದದ್ದು ಕಳೆದುಹೋದ ತಲೆಬರಹವನ್ನು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾರುತಿ ಮೊದಲೋ ಕ್ರಿಕೆಟ್ ಮೊದಲೋ? ಸರಣಿಯಲ್ಲಿ ಮಾರುತಿ ಮೊದಲು ಬಂತು, ಆದರೆ ಓದುಗರು ಅದನ್ನು ಪಾಲಿಸಬೇಕೆಂದೇನಿಲ್ಲ. ಕ್ರಿಕೆಟ್ ಪ್ರೇಮಿ ನೇರ ಕೆಳಗಿಳಿಯುತ್ತಾರೆ. ಪತ್ರಿಕೆಯ ಪುಟಕ್ಕೆ ಒಂದೇ ಓದಿನ ಕ್ರಮ ಎಂಬುದು ಇಲ್ಲವೇ ಇಲ್ಲ. ಕ್ರಮ ಇರುವುದು ಒಂದೊಂದು ಸುದ್ದಿಯ ಒಳಗೆ. ಇಂಗ್ಲೆಂಡಿನ ಸಾಲ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪುಟದ ರಚನೆಯನ್ನು ಬರೆದಿಡಲು ರೂಪಿಸಿದ ಪೇಜ್ ಎಂಬ ಕಡತ ವಿಧಾನ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ. ಅದರಲ್ಲಿ `OrderedGroup` ಮತ್ತು `UnorderedGroup` ಎಂದು ಎರಡು ಬಗೆಯ ಗುಂಪುಗಳಿವೆ. ಸುದ್ದಿಯ ಒಳಗಿನ ತುಂಡುಗಳು ಮೊದಲನೆಯದಕ್ಕೆ ಸೇರಿದರೆ, ಪುಟದ ಮೇಲಿನ ಸುದ್ದಿಗಳೆಲ್ಲ ಎರಡನೆಯದಕ್ಕೆ. ಅಂದರೆ ಸುದ್ದಿಗಳನ್ನು ಬೇರ್ಪಡಿಸುವುದು ಆಮೇಲಿನ ಅಲಂಕಾರದ ಕೆಲಸವಲ್ಲ. ಬೇರ್ಪಡಿಸಿದ ಮೇಲಷ್ಟೇ ಕ್ರಮ ಎಂಬ ಮಾತಿಗೆ ಅರ್ಥ ಬರುತ್ತದೆ.

ದೊಡ್ಡ ಗ್ರಂಥಾಲಯಗಳು ಈ ವಿಷಯದಲ್ಲಿ ಎರಡು ದಾರಿ ಹಿಡಿದಿವೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹ ಪುಟವನ್ನೇ ಘಟಕವಾಗಿ ಇಟ್ಟುಕೊಂಡಿತು. ಕಾಲಂಗಳು ಬೆರೆಯದಂತೆ ನೋಡಿಕೊಂಡರೆ ಸಾಕು, ಸುದ್ದಿಗಳನ್ನು ಬಿಡಿಬಿಡಿಯಾಗಿ ಗುರುತಿಸುವುದು ಬೇಡ ಎಂಬುದು ಅದರ ನಿಲುವು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ 2008ರಲ್ಲಿ ಸಾರ್ವಜನಿಕರಿಗೆ ತೆರೆದ, ಇಂದು ಟ್ರೋವ್‌ನ ಭಾಗವಾಗಿರುವ ಪತ್ರಿಕಾ ಸಂಗ್ರಹದಲ್ಲಿ ಪ್ರತಿ ಸುದ್ದಿಯನ್ನೂ ಬೇರೆ ಮಾಡಿಸಿತು, ಪಠ್ಯವನ್ನು ತಿದ್ದುವ ಅವಕಾಶವನ್ನು ಓದುಗರಿಗೇ ಕೊಟ್ಟಿತು. ಮೊದಲ ದಾರಿಯಲ್ಲಿ ಖರ್ಚು ಕಡಿಮೆ, ಆದರೆ ಎರಡು ಪದಗಳನ್ನು ಒಟ್ಟಿಗೆ ಹುಡುಕಿದಾಗ ಅವು ಒಂದೇ ಸುದ್ದಿಯಲ್ಲಿವೆಯೋ ಪುಟದ ಎರಡು ಮೂಲೆಗಳಲ್ಲಿವೆಯೋ ತಿಳಿಯುವುದಿಲ್ಲ. ಲಕ್ಷಾಂತರ ಪುಟಗಳ ಎದುರು ನಿಂತ ಗ್ರಂಥಾಲಯಕ್ಕೆ ಆ ಆಯ್ಕೆ ಸಮಂಜಸವೇ. ಇನ್ನೂರು ಮುನ್ನೂರು ಕಟಿಂಗ್‌ಗಳ ಮನೆಗೆ ಆಸ್ಟ್ರೇಲಿಯಾದ ದಾರಿಯೇ ಮೇಲು. ಕತ್ತರಿಸಿಟ್ಟವರು ಆಗಲೇ ಅರ್ಧ ಬೇರ್ಪಡಿಸಿ ಕೊಟ್ಟಿದ್ದಾರೆ.

ಆ ಕತ್ತರಿಯೇ ಕೆಲವು ಹೊಸ ತೊಡಕುಗಳನ್ನೂ ಬಿಟ್ಟುಹೋಗಿರುತ್ತದೆ. ಬೇಕಾದ ಸುದ್ದಿಯ ಅಂಚಿನಲ್ಲಿ ಪಕ್ಕದ ಕಾಲಂನ ಅರ್ಧ ಅಕ್ಷರಗಳ ಪಟ್ಟಿ ಉಳಿದಿರುತ್ತದೆ. ತಂತ್ರಾಂಶ ಆ ಅರ್ಧ ಅಕ್ಷರಗಳನ್ನೂ ಓದಿ ಪ್ರತಿ ಸಾಲಿನ ಕೊನೆಗೆ “ರ”, “ಂ”, “ಾ” ಎಂಬ ಕಸ ಸೇರಿಸುತ್ತದೆ. ಸಾಲುಸಾಲಿನ ತುದಿಯಲ್ಲೂ ಒಂಟಿ ಅಕ್ಷರ ಕಂಡರೆ ಕಾರಣ ಇದೇ, ಅಂಚನ್ನು ಇನ್ನಷ್ಟು ಒಳಗೆ ಕತ್ತರಿಸಿ ಮತ್ತೆ ಓದಿಸಬೇಕು. ಉದ್ದನೆಯ ಸುದ್ದಿ ಪುಸ್ತಕದಲ್ಲಿ ಹಿಡಿಸದೆ ಅದನ್ನು ಎರಡು ತುಂಡು ಮಾಡಿ ಅಕ್ಕಪಕ್ಕ ಅಂಟಿಸಿರುವುದೂ ಸಾಮಾನ್ಯ. ಆಗ ಎಡಬಲದ ಕ್ರಮ ಪತ್ರಿಕೆಯದಲ್ಲ, ಅಂಟಿಸಿದವರದು. ಜಾಗ ಸಿಕ್ಕಲ್ಲಿ ಅಂಟಿಸಿದ್ದರೆ ಎರಡನೇ ತುಂಡು ಎಡಕ್ಕೂ ಇರಬಹುದು. ಇಂಥಲ್ಲಿ ಜಾಗದ ಲೆಕ್ಕ ಹಾಕುವ ಯಾವ ನಿಯಮವೂ ಕೈಹಿಡಿಯದು, ವಾಕ್ಯವನ್ನು ಓದಿಯೇ ತಿಳಿಯಬೇಕು.

ಓದಿ ತಿಳಿಯುವುದಕ್ಕೆ ಕನ್ನಡ ಒಳ್ಳೆಯ ಸಹಾಯ ಮಾಡುತ್ತದೆ. ಒಂದು ಕಾಲಂನ ಕೊನೆಯ ಸಾಲು “ಕೀಲಿಕೈಯನ್ನು” ಎಂದು ನಿಂತಿದ್ದರೆ ಮುಂದಿನ ತುಂಡಿನಲ್ಲಿ ಆ ಕರ್ಮಕ್ಕೆ ಕ್ರಿಯೆ ಸಿಗಲೇಬೇಕು. “ಬಂದು” ಎಂದು ನಿಂತಿದ್ದರೆ ಮುಂದೆ ಪೂರ್ಣಕ್ರಿಯೆ ಬೇಕು. “ಹಸ್ತಾಂತರಿಸಿದರು.” ಎಂದು ಮುಗಿದಿದ್ದರೆ ಮಾತ್ರ ಅನುಮಾನಕ್ಕೆ ಎಡೆ, ಏಕೆಂದರೆ ಅದರ ಮುಂದೆ ಏನು ಬೇಕಾದರೂ ಬರಬಹುದು. ಆದ್ದರಿಂದ ಪರೀಕ್ಷೆಗೆ ಇಡೀ ಪಠ್ಯ ಓದಬೇಕಿಲ್ಲ, ಬೆಸುಗೆಗಳನ್ನು ಓದಿದರೆ ಸಾಕು: ಪ್ರತಿ ಕಾಲಂನ ಕೊನೆಯ ಎರಡು ಸಾಲು ಮತ್ತು ಮುಂದಿನದರ ಮೊದಲ ಎರಡು ಸಾಲು. ಮಾದರಿ ತುಣುಕಿನಲ್ಲಿ ಅಂಥ ಬೆಸುಗೆಗಳು ಎರಡೇ ಎರಡು, ಒಂದೊಂದು ಸುದ್ದಿಗೆ ಒಂದೊಂದು.

ಬೆಸುಗೆ ಕಾಲಂಗಳ ನಡುವೆ ಮಾತ್ರವಲ್ಲ, ಸಾಲುಗಳ ನಡುವೆಯೂ ಇದೆ. ಕನ್ನಡ ಪದಗಳು ಪ್ರತ್ಯಯ ಸೇರಿಸಿಕೊಂಡು ಉದ್ದವಾಗುತ್ತವೆ, ಕಾಲಂ ಕಿರಿದು. ಪದ ಸಾಲಿನ ಕೊನೆಯಲ್ಲಿ ಮುರಿಯುವುದು ಅನಿವಾರ್ಯ. ಎಷ್ಟೋ ಸಲ ಅಲ್ಲಿ ಅಡ್ಡಗೀಟಿನ ಗುರುತೂ ಇರುವುದಿಲ್ಲ. “ಹಸ್ತಾಂತ” ಒಂದು ಸಾಲಿನಲ್ಲಿ, “ರಿಸಿದರು” ಮುಂದಿನದರಲ್ಲಿ. ಸಾಲುಗಳನ್ನು ನಡುವೆ ತೆರಪಿಟ್ಟು ಜೋಡಿಸಿದರೆ ಪದ ಎರಡು ಚೂರಾಗಿ, ಹುಡುಕಿದವರಿಗೆ ಸಿಗದೆ ಹೋಗುತ್ತದೆ. ತೆರಪಿಲ್ಲದೆ ಜೋಡಿಸಿದರೆ ಬೇರೆ ಬೇರೆ ಪದಗಳು ಅಂಟಿಕೊಳ್ಳುತ್ತವೆ. ಕೆಲವು ಗುರುತುಗಳು ಖಚಿತ: ಸಾಲು “ಳ” ಅಥವಾ “ಣ” ಅಕ್ಷರದಿಂದ ಶುರುವಾದರೆ ಅದು ಹಿಂದಿನ ಪದದ ಬಾಲವೇ, ಏಕೆಂದರೆ ಆ ಅಕ್ಷರಗಳಿಂದ ಆರಂಭವಾಗುವ ಪದ ಕನ್ನಡದಲ್ಲಿ ಇಲ್ಲವೆನ್ನುವಷ್ಟು ವಿರಳ. “ಗಳಲ್ಲಿ”, “ಯನ್ನು”, “ದಿಂದ” ಎಂದು ಶುರುವಾಗುವ ಸಾಲುಗಳದೂ ಅದೇ ಕತೆ. ಮಿಕ್ಕದ್ದಕ್ಕೆ, ಕೂಡಿಸಿದ ಪದ ಅದೇ ಸಂಗ್ರಹದಲ್ಲಿ ಬೇರೆಲ್ಲಾದರೂ ಇಡಿಯಾಗಿ ಬಂದಿದೆಯೇ ಎಂದು ನೋಡುವುದು ನಿಘಂಟು ನೋಡುವುದಕ್ಕಿಂತ ಫಲಕಾರಿ. ನಿಘಂಟಿನಲ್ಲಿ “ಹಸ್ತಾಂತರ” ಇರುತ್ತದೆ, “ಹಸ್ತಾಂತರಿಸಿದರೆಂದು” ಇರುವುದಿಲ್ಲ.

ಕಿರಿದಾದ ಕಾಲಂನಲ್ಲಿ ಎರಡೂ ಅಂಚು ಸಮನಾಗಿರಲೆಂದು ಪದಗಳ ನಡುವಿನ ತೆರಪನ್ನು ಹಿಗ್ಗಿಸಿರುತ್ತಾರೆ. ಎರಡೇ ಪದಗಳ ಸಾಲಿನಲ್ಲಿ ಆ ತೆರಪು ಕಾಲಂ ನಡುವಿನ ಪಟ್ಟಿಯಷ್ಟೇ ಅಗಲವಾಗಬಹುದು. ಅಂಥ ಮೂರು ನಾಲ್ಕು ಸಾಲುಗಳು ಒಂದರಡಿ ಒಂದು ಬಂದರೆ ಯಂತ್ರಕ್ಕೆ ಅಲ್ಲೊಂದು ಹೊಸ ಕಾಲಂ ಕಂಡಂತಾಗುತ್ತದೆ. ವ್ಯತ್ಯಾಸ ಇರುವುದು ಉದ್ದದಲ್ಲಿ. ನಿಜವಾದ ಪಟ್ಟಿ ಮಾದರಿ ತುಣುಕಿನ ಮೊದಲ ಕಾಲಂನ ಪಕ್ಕದಲ್ಲಿ ನಲವತ್ತು ಸಾಲುಗಳುದ್ದಕ್ಕೂ ಮುರಿಯದೆ ಇಳಿಯುತ್ತದೆ, ಹುಸಿ ಪಟ್ಟಿ ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ. ಫೋಟೊ ಕೆಳಗಿನ ಎರಡು ಸಾಲಿನ ವಿವರಣೆಯಲ್ಲಿ ಮಾತ್ರ ಈ ಭೇದ ಕಾಣಿಸದು. ಒತ್ತಕ್ಷರಗಳು ಇನ್ನೊಂದು ಬಗೆಯ ಪೀಡೆ: “ಷ್ಟ್ರ”ದ ಕೆಳಗಿನ ಒತ್ತುಗಳು ಮುಂದಿನ ಸಾಲಿನ ತಲೆಕಟ್ಟನ್ನು ತಾಕಿದರೆ ಎರಡು ಸಾಲುಗಳು ಒಂದಾಗಿ, ಎರಡರ ಪಠ್ಯವೂ ಕೆಡುತ್ತದೆ. ಓಸಿಆರ್‌ನಿಂದ ಬಂದ ಸಾಲುಗಳನ್ನು ಎಣಿಸಿ ಚಿತ್ರದ ಸಾಲುಗಳೊಂದಿಗೆ ಹೋಲಿಸಿದರೆ ಇದು ತಕ್ಷಣ ಬಯಲಾಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಕೆಲಸ ಮಾಡುವ ಬಗೆ ಸರಳ: ವಿನ್ಯಾಸವನ್ನು ಗುರುತಿಸುವ ಹೊಣೆಯನ್ನು ಯಂತ್ರಕ್ಕೆ ಬಿಡದೆ ಮನುಷ್ಯರೇ ಇಟ್ಟುಕೊಳ್ಳುವುದು, ಅಕ್ಷರ ಓದುವುದನ್ನಷ್ಟೇ ಯಂತ್ರಕ್ಕೆ ಕೊಡುವುದು. ಟೆಸೆರಾಕ್ಟ್ ಎಂಬ ಉಚಿತ ಓಸಿಆರ್ ತಂತ್ರಾಂಶ ಕನ್ನಡವನ್ನು ಓದುತ್ತದೆ. ಎಂಬತ್ತರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾದ ತಂತ್ರಾಂಶ ಅದು. ತುಣುಕಿನ ಮೊದಲ ಕಾಲಂ ಅನ್ನು ಕತ್ತರಿಸಿ ಓದಿಸಲು ಎರಡು ಆಜ್ಞೆ ಸಾಕು:

```
magick clip.png -crop 520x2085+0+275 +repage A1.png
tesseract A1.png A1 -l kan --psm 6
```

ಮೊದಲ ಸಾಲಿನ ಅಂಕಿಗಳು 520 ಪಿಕ್ಸೆಲ್ ಅಗಲ, 2085 ಎತ್ತರದ ಆಯತವನ್ನು ಹೇಳುತ್ತವೆ. ಎಡ ಅಂಚಿನಿಂದ, ಮೇಲಿಂದ 275 ಪಿಕ್ಸೆಲ್ ಕೆಳಗೆ ಅದರ ಆರಂಭ. 495ಕ್ಕೆ ಕಾಲಂ ಮುಗಿದರೂ 520ರವರೆಗೆ ಹೋದದ್ದು ಖಾಲಿ ಪಟ್ಟಿಯ ನಟ್ಟನಡುವೆ ಕತ್ತರಿಸಲೆಂದು, ಹಾಗೆ ಮಾಡಿದರೆ ಯಾವ ಕಡೆಯ ಅಕ್ಷರಕ್ಕೂ ಪೆಟ್ಟಾಗುವುದಿಲ್ಲ. ಎರಡನೇ ಸಾಲಿನ `--psm 6` ಎಂಬುದು ಇಡೀ ಚಿತ್ರವನ್ನು ಒಂದೇ ಪಠ್ಯದ ಗುಂಪೆಂದು ತಿಳಿ, ಕಾಲಂ ಹುಡುಕಬೇಡ ಎಂಬ ಸೂಚನೆ. ಏನನ್ನೂ ಹೇಳದಿದ್ದರೆ ಟೆಸೆರಾಕ್ಟ್ ತಾನೇ ವಿನ್ಯಾಸ ಊಹಿಸಲು ಹೊರಡುತ್ತದೆ, ಹಿಗ್ಗಿದ ತೆರಪುಗಳಿಗೆ ಮೋಸಹೋಗುವುದು ಆಗ. ಕಡತದ ಹೆಸರಿನಲ್ಲಿ `A` ಮಾರುತಿ ಸುದ್ದಿಗೆ, `1` ಮೊದಲ ತುಂಡಿಗೆ. `A1`, `A2`, `B1`, `B2` ಎಂದು ಹೆಸರಿಟ್ಟ ಕ್ಷಣವೇ ಸುದ್ದಿಗಳು ಬೇರ್ಪಟ್ಟವು, ಕ್ರಮವೂ ಸ್ಥಿರವಾಯಿತು. ಪ್ರತಿ ಸುದ್ದಿಯ ತುಂಡುಗಳನ್ನು ಅಂಕಿಯ ಪ್ರಕಾರ ಜೋಡಿಸುವುದಷ್ಟೇ ಬಾಕಿ. ತಲೆಬರಹಗಳನ್ನು ಓಸಿಆರ್‌ಗೆ ಕೊಡದೆ ಕೈಯಲ್ಲೇ ಟೈಪ್ ಮಾಡುವುದು ಲೇಸು. ನಾಲ್ಕೈದು ಪದಗಳ ಶ್ರಮ, ಹುಡುಕುವವರು ಮೊದಲು ನೋಡುವುದೂ ಅದನ್ನೇ.

ತುಣುಕಿನ ಬೆನ್ನನ್ನೂ ಸ್ಕ್ಯಾನ್ ಮಾಡಿ ಅದೇ ಹೆಸರಿಗೆ ಸೇರಿಸಿಡಬೇಕು. ಕತ್ತರಿಸಿದವರು ದಿನಾಂಕ ಬರೆಯಲು ಮರೆತಿದ್ದರೆ ಹಿಂಬದಿಯ ಅರ್ಧ ಜಾಹೀರಾತೋ ಸಿನಿಮಾ ಪಟ್ಟಿಯೋ ದಿನವನ್ನು ಹೇಳಿಬಿಡುತ್ತದೆ. ಹಿಂಬದಿಯ ಪಠ್ಯ ಮುಂಬದಿಯ ಸುದ್ದಿಯೊಳಗೆ ಬೆರೆಯದಂತೆ ಅದಕ್ಕೆ ಬೇರೆಯೇ ಅಕ್ಷರ ಕೊಟ್ಟರಾಯಿತು.

ಪಠ್ಯದಲ್ಲಿ ಅಚ್ಚಾದುದನ್ನು ಅಚ್ಚಾದಂತೆಯೇ ಉಳಿಸಬೇಕು. 1983ರ ತುಣುಕಿನಲ್ಲಿ “ಗುಡಗಾಂವ್” ಎಂದಿರಬಹುದು, “ಗುರಗಾಂವ್” ಎಂದಿರಬಹುದು. ಹರಿಯಾಣ ಸರ್ಕಾರ ಗುರುಗ್ರಾಮ ಎಂದು ಹೆಸರು ಬದಲಿಸಿದ್ದು 2016ರಲ್ಲಿ. ಇಂದಿನ ಹೆಸರನ್ನು ಸುದ್ದಿಯೊಳಗೆ ತುರುಕದೆ, ಪಕ್ಕದ ಸೂಚಿಯಲ್ಲಿ ಎಲ್ಲ ರೂಪಗಳನ್ನೂ ಬರೆದರೆ ಯಾವುದನ್ನು ಹುಡುಕಿದರೂ ತುಣುಕು ಸಿಗುತ್ತದೆ.

ಒಂದು ಕೊರತೆಗೆ ಮಾತ್ರ ಪರಿಹಾರವಿಲ್ಲ. ಮೊದಲ ಪುಟದ ಸುದ್ದಿಯ ಕೊನೆಗೆ “5ನೇ ಪುಟಕ್ಕೆ” ಎಂದಿದ್ದು, ಕತ್ತರಿ ಹಿಡಿದವರು ಐದನೇ ಪುಟ ತೆರೆಯದೇ ಇದ್ದರೆ ಸುದ್ದಿ ಅಲ್ಲಿಗೆ ಕಡಿದಿರುತ್ತದೆ. ಓಸಿಆರ್ ಆ ಎರಡು ಪದಗಳನ್ನು ಸಾಮಾನ್ಯ ಪಠ್ಯವೆಂದೇ ಓದಿ, ನಂತರ ಏನು ಸಿಕ್ಕರೂ ಅದಕ್ಕೆ ಜೋಡಿಸುತ್ತದೆ. ಜೋಡಿಸುವ ಮೊದಲು ಎಲ್ಲ ತುಂಡುಗಳಲ್ಲೂ “ಪುಟಕ್ಕೆ” ಮತ್ತು “ಪುಟದಿಂದ” ಎಂಬ ಪದಗಳನ್ನು ಹುಡುಕಿ ತೆಗೆದು, `A3: ದೊರೆತಿಲ್ಲ, 5ನೇ ಪುಟ` ಎಂದು ಬರೆದಿಡಬೇಕು. ಆ ಪತ್ರಿಕೆಯ ಅಂದಿನ ಸಂಚಿಕೆ ಯಾವುದಾದರೂ ಗ್ರಂಥಾಲಯದಲ್ಲಿ ಸಿಕ್ಕಾಗ ತೆರೆಯಬೇಕಾದ ಪುಟ ಯಾವುದೆಂದು ಆಗ ಮೊದಲೇ ಗೊತ್ತಿರುತ್ತದೆ.